ಆಕಾಶಕ್ಕೆ ಬಾನು ಯಾಕೆ ತಪ್ಪು? ತತ್ಸಮ-ತದ್ಭವ ಕಲಿಸಿದ ನನ್ನ ಅನುಭವ

ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮೊದಲ ಕೆಲವು ವರ್ಷ ತತ್ಸಮ-ತದ್ಭವ ಅಂದರೆ ನಾನು ಮಾಡುತ್ತಿದ್ದದ್ದು ಒಂದೇ ಕೆಲಸ. ಬೋರ್ಡಿನ ಮೇಲೆ ಎರಡು ಸಾಲಾಗಿ ಪದಗಳನ್ನು ಬರೆಯುವುದು, ಮಕ್ಕಳು ನೋಟ್ಸಿಗೆ ಇಳಿಸಿಕೊಳ್ಳುವುದು, ಬಾಯಿಪಾಠ ಒಪ್ಪಿಸುವುದು. ಪಟ್ಟಿಯಲ್ಲಿದ್ದ ಪದ ಬಂದರೆ ಸರಿ ಬರೆಯುತ್ತಿದ್ದರು. ಇಲ್ಲದ ಪದ ಬಂದರೆ ಖಾಲಿ ಬಿಡುತ್ತಿದ್ದರು.

ಒಂದು ಕಿರುಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಕೊಟ್ಟಿದ್ದೆ. ಮೊದಲೆರಡು ಪದಗಳಿಗಿರುವ ಸಂಬಂಧದಂತೆ ಮೂರನೆಯ ಪದಕ್ಕೆ ಸಂಬಂಧಿಸಿದ ಪದ ಬರೆಯಿರಿ: ವರ್ಣ : ಬಣ್ಣ :: ಆಕಾಶ : ____. ತುಂಬಾ ಮಕ್ಕಳು ‘ಬಾನು’ ಅಂತ ಬರೆದಿದ್ದರು. ನಾನು ತಪ್ಪು ಹಾಕಿದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಸರ್, ಆಕಾಶ ಅಂದ್ರೂ ಬಾನು ಅಂದ್ರೂ ಒಂದೇ ಅಲ್ವಾ? ವರ್ಣ ಅಂದ್ರೂ ಬಣ್ಣಾನೇ ತಾನೇ?”

ಅವಳ ಪ್ರಶ್ನೆ ನ್ಯಾಯವಾಗಿತ್ತು. ನಾನು ಕೊಟ್ಟ ಪಟ್ಟಿಯನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಒಂದು ಕಡೆ ಸಂಸ್ಕೃತ, ಇನ್ನೊಂದು ಕಡೆ ಅದೇ ಅರ್ಥದ ಕನ್ನಡ ಪದ. ಆದರೆ ಬಾನು ಅಚ್ಚಗನ್ನಡ ಪದ, ಅಂದರೆ ದೇಶ್ಯ. ಅದು ಆಕಾಶದ ಸಮಾನಾರ್ಥಕ ಪದ, ತದ್ಭವ ಅಲ್ಲ. ತದ್ಭವ ಅಂದರೆ ಅದೇ ಪದದಿಂದ ಹುಟ್ಟಿದ್ದು. ಆಕಾಶ ಎಂಬ ಪದವೇ ಜನರ ಬಾಯಲ್ಲಿ ಸವೆದು ಆದದ್ದು ‘ಆಗಸ’. ಸೂರ್ಯನಿಗೆ ನೇಸರು, ಹಸ್ತಕ್ಕೆ ಕೈ, ನೇತ್ರಕ್ಕೆ ಕಣ್ಣು ಬರೆಯುವುದೂ ಇದೇ ತಪ್ಪು.

ಅಂದಿನಿಂದ ನನ್ನ ಪಾಠ ಬದಲಾಯಿತು. ಅರ್ಥವನ್ನು ಆಮೇಲೆ ನೋಡೋಣ, ಮೊದಲು ಅಕ್ಷರದ ಜಾಡು ಹಿಡಿಯೋಣ ಅಂತ ಶುರು ಮಾಡಿದೆ.

ಮೊದಲು ತೆಗೆದುಕೊಳ್ಳುವ ಪದ ‘ಪುಸ್ತಕ’. ಅದರ ತದ್ಭವ ಹೊತ್ತಗೆ. ನೋಡಿದರೆ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ಬೋರ್ಡಿನ ಮೇಲೆ ಎರಡನ್ನೂ ಒಂದರ ಕೆಳಗೊಂದು ಬರೆದು ಅಕ್ಷರಕ್ಕೆ ಅಕ್ಷರ ಗೆರೆ ಎಳೆಯುತ್ತೇನೆ. ಪು ಇದ್ದದ್ದು ಪೊ ಆಯಿತು. ಹಳಗನ್ನಡದ ಪಾಲು ಹಾಲು ಆದ ಹಾಗೆ, ಆ ಪೊ ಆಮೇಲೆ ಹೊ ಆಯಿತು. ಸ್ತ ಇದ್ದದ್ದು ತ್ತ ಆಯಿತು. ಕೊನೆಯ ಕ ಮೆತ್ತಗಾಗಿ ಗ ಆಗಿ, ಅದರ ಅಕಾರ ಎಕಾರಕ್ಕೆ ತಿರುಗಿತು. ಒಂದೊಂದು ಗೆರೆಗೂ ಕಾರಣ ಸಿಕ್ಕಿತು. ಬಾನಿಗೂ ಆಕಾಶಕ್ಕೂ ಹೀಗೆ ಗೆರೆ ಎಳೆಯಿರಿ ನೋಡೋಣ ಅಂದರೆ ಮಕ್ಕಳಿಗೆ ಸಾಧ್ಯವೇ ಆಗುವುದಿಲ್ಲ. ಆಗಸಕ್ಕೆ ಎಳೆಯಬಹುದು: ನಡುವಿನ ಕ ಗ ಆಯಿತು, ಶ ಸ ಆಯಿತು.

ಈ ಬದಲಾವಣೆಗಳು ಸುಮ್ನೆ ಆದವಲ್ಲ. ಅಚ್ಚಗನ್ನಡ ಮಾತಿಗೆ ಮಹಾಪ್ರಾಣ ಬೇಕಿಲ್ಲ, ಶ-ಷ ಬೇಕಿಲ್ಲ, ಬೇರೆ ಬೇರೆ ಅಕ್ಷರ ಕೂಡಿದ ಒತ್ತೂ ಅಷ್ಟಾಗಿ ಒಗ್ಗುವುದಿಲ್ಲ. ಅದಕ್ಕೇ ಧ್ವನಿ ದನಿಯಾಯಿತು, ದೋಷ ದೋಸವಾಯಿತು. ಎಷ್ಟೋ ಪದಗಳು ಪ್ರಾಕೃತದಲ್ಲೇ ಅರ್ಧ ಸವೆದು ಕನ್ನಡಕ್ಕೆ ಬಂದವು. 13ನೇ ಶತಮಾನದಲ್ಲೇ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದಕ್ಕೆಂದೇ ಅಪಭ್ರಂಶ ಪ್ರಕರಣ ಬರೆದಿದ್ದಾನೆ. ಹೈಸ್ಕೂಲಿಗೆ ಅದರ ಎಲ್ಲ ಸೂತ್ರ ಬೇಡ. ಮೂರು ನಾಲ್ಕು ಜಾಡು ಗೊತ್ತಿದ್ದರೆ ಸಾಕು.

ಪದದ ಮೊದಲಿನ ಯ ಜ ಆಗುತ್ತದೆ: ಯುದ್ಧ ಜುದ್ದ, ಯೋಗಿ ಜೋಗಿ, ಯಾತ್ರೆ ಜಾತ್ರೆ. ಮೊದಲಿನ ವ ಬ ಆಗುತ್ತದೆ: ವನ ಬನ, ವೀರ ಬೀರ, ವಿಧಿ ಬಿದಿ. ನಡುವಿನ ಕ, ಟ, ತ ಮೆತ್ತಗಾಗಿ ಗ, ಡ, ದ ಆಗುತ್ತವೆ: ಜಟಾ ಜಡೆ, ಚತುರ ಚದುರ. ‘ವಸತಿ’ಯಲ್ಲಿ ಈ ಕೊನೆಯ ಎರಡೂ ಸೇರಿ ‘ಬಸದಿ’ ಆಗಿದೆ.

ಹೆಚ್ಚು ಹೊತ್ತು ಬೇಕಾಗುವುದು ಒತ್ತಕ್ಷರಕ್ಕೆ. ಅದಕ್ಕೆ ಎರಡು ದಾರಿ. ಒಂದೋ ವಿಜಾತೀಯ ಒತ್ತು ಸಜಾತೀಯ ಆಗುತ್ತದೆ: ಸ್ವರ್ಗ ಸಗ್ಗ, ಕಾರ್ಯ ಕಜ್ಜ, ಕಾವ್ಯ ಕಬ್ಬ, ವಿದ್ಯಾ ಬಿಜ್ಜೆ. ಇಲ್ಲವೋ ಒತ್ತು ಒಡೆದು ನಡುವೆ ಒಂದು ಸ್ವರ ಬರುತ್ತದೆ: ಭಕ್ತಿ ಬಕುತಿ, ರತ್ನ ರತುನ, ಚಂದ್ರ ಚಂದಿರ, ಶ್ರೀ ಸಿರಿ. ಮೊದಲ ದಾರಿಯಲ್ಲಿ ಮಕ್ಕಳು ಮಾಡುವ ತಪ್ಪು ಒಂದಿದೆ. ‘ಕಾಜ್ಜ’, ‘ಕಾಬ್ಬ’ ಅಂತ ದೀರ್ಘ ಉಳಿಸಿಕೊಂಡು ಬಿಡುತ್ತಾರೆ. ಇಂಥ ಒತ್ತಿನ ಹಿಂದೆ ದೀರ್ಘ ಗಿಡ್ಡವಾಗುತ್ತದೆ. ಬಾಯಿಬಿಟ್ಟು ಎರಡು ಸಲ ಹೇಳಿಸಿದರೆ ಅವರಿಗೇ ತಿಳಿಯುತ್ತದೆ.

ಪ್ರಾಣದ ತದ್ಭವ ‘ಹರಣ’ ಅಂದಾಗ ಮೊದಮೊದಲು ನಾನೇ ಇದನ್ನು ಬಾಯಿಪಾಠ ಮಾಡಿ ಅನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ಪ್ರ ಒಡೆದು ಪರ ಆಯಿತು, ಪ ಹ ಆಯಿತು, ಅಷ್ಟೇ. ಆದರೆ ಅಪಹರಣದಲ್ಲಿರುವ ‘ಹರಣ’ ಬೇರೆ, ಅದು ಸಂಸ್ಕೃತದ್ದೇ. ಹಂಸಕ್ಕೆ ಅಂಚೆ ಅಂದರೆ ಮಾತ್ರ ಜಾಡು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಅದನ್ನು ನೆನಪಿಡಲೇಬೇಕು. ಪ್ರಶ್ನೆಯಲ್ಲಿ ‘ಅಂಚೆ’ ಕಂಡ ತಕ್ಷಣ ಕಾಗದ, ಪೋಸ್ಟ್‌ಮ್ಯಾನ್ ನೆನಪಾಗಿ ‘ಪತ್ರ’ ಅಂತ ಬರೆದವರೂ ಇದ್ದಾರೆ.

ಹಾಗಂತ ಅರ್ಥ ಬೇಡವೇ ಬೇಡ ಅಂತಲ್ಲ. ಒಂದೇ ತದ್ಭವಕ್ಕೆ ಎರಡು ತತ್ಸಮ ಇದ್ದಾಗ ಅರ್ಥವೇ ಕೈಹಿಡಿಯುತ್ತದೆ. ‘ಸಸಿ’ಯನ್ನೇ ನೋಡಿ. ಚಂದ್ರ ಎಂಬ ಅರ್ಥದಲ್ಲಿ ಅದು ಶಶಿಯಿಂದ ಬಂದದ್ದು, ಎಳೆ ಗಿಡ ಎಂಬ ಅರ್ಥದಲ್ಲಿ ಸಸ್ಯದಿಂದ ಬಂದದ್ದು. ಹೊಂದಿಸಿ ಬರೆಯುವ ಪ್ರಶ್ನೆಯಲ್ಲಿ ಪಕ್ಕದ ಸಾಲಿನಲ್ಲಿ ಯಾವುದಿದೆ ಅಂತ ನೋಡಿಯೇ ತೀರ್ಮಾನಿಸಬೇಕು. ಇನ್ನು ಕೆಲವು ಕಡೆ ಅರ್ಥವೇ ದೂರ ಸರಿದಿರುತ್ತದೆ. ವಸತಿ ಅಂದರೆ ಇರುವ ಜಾಗ, ಬಸದಿ ಅಂದರೆ ಜೈನರ ಗುಡಿ. ಬರೀ ಅರ್ಥ ನೋಡುವ ಹುಡುಗ ಈ ಜೋಡಿಯನ್ನು ಬಿಟ್ಟೇ ಬಿಡುತ್ತಾನೆ.

ಇನ್ನೊಂದು ಕಡೆ ಅಂಕ ಜಾಸ್ತಿ ಹೋಗುವುದು ದಿಕ್ಕು ತಪ್ಪಿ. ‘ಸಿರಿ : ಶ್ರೀ :: ಮೊಗ : ____’ ಅಂತ ಕೇಳಿದರೆ ಮೊದಲ ಜೋಡಿ ತದ್ಭವದಿಂದ ತತ್ಸಮಕ್ಕೆ ಹೋಗಿದೆ. ಉತ್ತರ ‘ಮುಖ’. ಅವಸರದಲ್ಲಿ ‘ಮೋರೆ’ ಬರೆಯುತ್ತಾರೆ. ಅದಕ್ಕೆ ಮೊದಲ ಜೋಡಿಯ ಮೇಲೆ ಪೆನ್ಸಿಲಿನಲ್ಲಿ ಒಂದು ಬಾಣದ ಗುರುತು ಹಾಕಿಕೊಳ್ಳಿ ಅನ್ನುತ್ತೇನೆ. ಮಹಾಪ್ರಾಣ, ಶ, ಷ, ಋ, ವಿಜಾತೀಯ ಒತ್ತು ಇರುವ ಕಡೆ ಸಾಮಾನ್ಯವಾಗಿ ತತ್ಸಮ. ಪೂರ್ತಿ ನಂಬುವ ಹಾಗಿಲ್ಲ, ‘ವರುಷ’ದಲ್ಲಿ ಷ ಹಾಗೇ ಉಳಿದಿದೆ. ‘ಖುಷಿ’ಯಲ್ಲಿ ಖ, ಷ ಎರಡೂ ಇವೆ, ಆದರೆ ಅದು ಪಾರಸಿಯಿಂದ ಬಂದ ಪದ.

ಈಗ ಪಟ್ಟಿ ಕೊಡುವ ಮೊದಲು ಪುಸ್ತಕದಲ್ಲಿಲ್ಲದ ಒಂದು ಪದ ಕೊಟ್ಟು ನೋಡುತ್ತೇನೆ. ಈ ಸಲ ಕೊಟ್ಟದ್ದು ‘ಇಷ್ಟಿಕಾ’. ದೃಷ್ಟಿ ದಿಟ್ಟಿ ಆಗಿದ್ದನ್ನು ಹಿಂದಿನ ದಿನ ನೋಡಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಬೋರ್ಡಿನ ಹತ್ತಿರ ಬಂದು ಷ್ಟಿ ಕೆಳಗೆ ಟ್ಟಿ ಬರೆದ. ಕ ಕೆಳಗೆ ಗ ಬರೆದ. ಕೊನೆಯ ಆ ಅಳಿಸಿ ಎ ಮಾಡಿದ. ಜೋರಾಗಿ ಓದಿ, ಕಿಟಕಿಯಾಚೆ ಕಟ್ಟುತ್ತಿದ್ದ ಕಾಂಪೌಂಡ್ ಗೋಡೆಯ ಕಡೆ ಕೈ ತೋರಿಸಿದ: “ಸರ್, ಇಟ್ಟಿಗೆ!”