ಬಾಗಿಲಿನ ರಬ್ಬರ್ ಪಟ್ಟಿಯ ಹಿಂದೆ

ಮಂಗಳೂರಿನ ಷೋರೂಮಿನಲ್ಲಿ ಕಂಡ ಆ ಕೆಂಪು ಕಾರು ಮೂರು ವಾರ ನನ್ನ ನಿದ್ದೆ ಕೆಡಿಸಿತ್ತು. ತೆರೆಯುವ ಗಾಜಿನ ಚಾವಣಿ, ಬಾಗಿಲು ಮುಚ್ಚಿದರೆ ತೂಕದ ಸದ್ದು. ರಸ್ತೆಗಿಳಿಸಲು 12 ಲಕ್ಷ. ಕೂಡಿಟ್ಟ ಎರಡು ಲಕ್ಷ ಕೊಟ್ಟರೆ ಉಳಿದ ಹತ್ತು ಲಕ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಏಳು ವರ್ಷ, ತಿಂಗಳಿಗೆ 16,089 ರೂಪಾಯಿ ಕಂತು. ಬಡ್ಡಿಯೇ ಮೂರೂವರೆ ಲಕ್ಷ. ನನ್ನ ಸಂಬಳ 52 ಸಾವಿರ, ಕಟ್ಟಲಾಗದ ಮೊತ್ತವೇನಲ್ಲ. ಆದರೆ ನಾನು ಕೆಲಸಕ್ಕೆ ಹೋಗುವುದು ಬದಿಯಡ್ಕದಿಂದ ಕುಂಬಳೆಗೆ ಬಸ್ಸಿನಲ್ಲಿ, ಅಲ್ಲಿಂದ ಮಂಗಳೂರಿಗೆ ರೈಲಿನಲ್ಲಿ. ಕಾರು ಬೇಕಿದ್ದುದು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಲು ಮತ್ತು ಭಾನುವಾರದ ಓಡಾಟಕ್ಕೆ. ವಾರಕ್ಕೆ ನೂರು ಕಿಲೋಮೀಟರ್ ದಾಟುವುದಿಲ್ಲ.

ಹಾಗಾಗಿ ಹಳೆಯ ಕಾರು ಹುಡುಕಿದೆ. ಮೊದಲು ಸಿಕ್ಕಿದ್ದು ಕನ್ನಡಿಯಂತೆ ಹೊಳೆಯುತ್ತಿತ್ತು. ಜೊತೆಗೆ ಬಂದಿದ್ದ ಊರಿನ ಮೆಕ್ಯಾನಿಕ್ ಬಣ್ಣವನ್ನು ನೋಡಲೇ ಇಲ್ಲ. ಹಿಂಬಾಗಿಲು ತೆರೆದು ಚೌಕಟ್ಟಿನ ರಬ್ಬರ್ ಪಟ್ಟಿಯನ್ನು ಕಿತ್ತು, "ಇಲ್ಲಿ ಬೆರಳಾಡಿಸಿ ನೋಡಿ" ಎಂದರು. ಕಾರ್ಖಾನೆಯಲ್ಲಿ ಎರಡು ತಗಡುಗಳನ್ನು ಬೆಸೆಯುವಾಗ ಒಂದೇ ಅಂತರದಲ್ಲಿ ಸಣ್ಣ ದುಂಡು ಗುಳಿಗಳು ಬೀಳುತ್ತವೆ. ಎಡಬದಿಯಲ್ಲಿ ಅವು ಸಾಲಾಗಿದ್ದವು. ಬಲಬದಿಯಲ್ಲಿ ಗುಳಿಗಳೇ ಇರಲಿಲ್ಲ, ಉಜ್ಜಿ ನಯಗೊಳಿಸಿದ ಬೆಸುಗೆಯ ಏರು ಮಾತ್ರ ಬೆರಳಿಗೆ ತಾಗಿತು. ಹೊಡೆತ ತಿಂದ ಭಾಗವನ್ನು ಕತ್ತರಿಸಿ ಬೇರೆ ತಗಡು ಕೂಡಿಸಿದ್ದರು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಒಳತುದಿಯಲ್ಲಿ ಒಣಗಿದ ಕೆಸರಿನ ಗೆರೆ ಕಂಡಿತು. ಸದಾ ಸುರುಳಿಯೊಳಗೆ ಇರುವ ಆ ತುದಿಗೆ ಕೆಸರು ತಾಗಬೇಕಾದರೆ ಕಾರಿನೊಳಗೆ ನೀರು ನಿಂತಿರಲೇಬೇಕು. ಎಂಜಿನಿಯರಿಂಗ್ ಓದಿದವನಾಗಿಯೂ ಅಲ್ಲಿಯವರೆಗೆ ನಾನು ಹೊಳಪನ್ನೇ ನೋಡುತ್ತಿದ್ದೆ ಎಂಬುದು ನನ್ನನ್ನು ಬಹಳ ಕಾಡಿತು.

ಎರಡನೆಯದು ನೀರ್ಚಾಲಿನ ನಿವೃತ್ತ ಅಧ್ಯಾಪಕರೊಬ್ಬರ 2018ರ ಪುಟ್ಟ ಕಾರು. ಮೀಟರಿನಲ್ಲಿ 31 ಸಾವಿರ ಕಿಲೋಮೀಟರ್. ಟಯರಿನ ಬದಿಯಲ್ಲಿ 1418 ಎಂದಿತ್ತು, ಅಂದರೆ 2018ರ ಹದಿನಾಲ್ಕನೇ ವಾರದ್ದು. ನಾಲ್ಕೂ ಟಯರು ಕಾರಿನ ಜೊತೆಗೇ ಬಂದವು, ಸವೆತವೂ ಮೀಟರಿಗೆ ಹೊಂದುತ್ತಿತ್ತು. ಬ್ರೇಕ್ ಪೆಡಲಿನ ರಬ್ಬರಿನ ಗೀರುಗಳೂ ಮಾಸಿರಲಿಲ್ಲ. ತುಳಿತ ಹೆಚ್ಚಾದ ಕಾರಿನಲ್ಲಿ ಮೀಟರ್ ಸುಳ್ಳು ಹೇಳಿದರೂ ಪೆಡಲಿನ ರಬ್ಬರು ಹೇಳುವುದಿಲ್ಲ. ರಾತ್ರಿಯೆಲ್ಲ ನಿಂತಿದ್ದ ಎಂಜಿನನ್ನು ಬೆಳಿಗ್ಗೆ ಆರಕ್ಕೇ ಹೋಗಿ ಚಾಲೂ ಮಾಡಿಸಿದೆವು. ಹೊಗೆಯಿಲ್ಲ, ಬಡಿತವಿಲ್ಲ.

ಟಯರಿನ ಗೀರು ಎಷ್ಟು ಉಳಿದಿದ್ದರೂ ಅಷ್ಟು ಹಳೆಯ ರಬ್ಬರು ಮಳೆಗಾಲಕ್ಕೆ ಆಗದು ಎಂದು ತೋರಿಸಿ, 3.8 ಲಕ್ಷ ಕೇಳಿದ್ದನ್ನು 3.6ಕ್ಕೆ ಇಳಿಸಿದೆವು. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇತ್ತು. ಸಾಲ ತೀರಿದ್ದರೂ ಆ ಹೆಸರು ತೆಗೆಸುವ 35ನೇ ನಮೂನೆಯನ್ನು ಸಲ್ಲಿಸದೆ ಬಿಟ್ಟಿದ್ದರು. ಬ್ಯಾಂಕಿನ ಆಕ್ಷೇಪರಹಿತ ಪತ್ರ ಬಂದು ಆ ಹೆಸರು ಅಳಿಯುವವರೆಗೆ ಮುಂಗಡ ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಆಮೇಲೆ ಕಾರನ್ನು ನನ್ನ ಹೆಸರಿಗೆ ವರ್ಗಾಯಿಸುವ 29 ಮತ್ತು 30ನೇ ನಮೂನೆಗಳಿಗೆ ಸಹಿ ಬಿದ್ದಿತು.

ಕಡಿಮೆ ಮಾಡಿಸಿದ ಇಪ್ಪತ್ತು ಸಾವಿರದಲ್ಲಿ ನಾಲ್ಕು ಹೊಸ ಟಯರು ಹಾಕಿಸಿದೆ. ಮರುದಿನ ಜೋರು ಮಳೆ. ಅಮ್ಮನನ್ನು ಮುಂದೆ ಕೂರಿಸಿಕೊಂಡು ಮನೆಯ ಮುರಕಲ್ಲಿನ ಏರನ್ನು ಒಂದನೇ ಗೇರಿನಲ್ಲಿ ಹತ್ತಿಸಿದೆ. ಚಕ್ರ ಒಮ್ಮೆಯೂ ಜಾರಲಿಲ್ಲ.