ಎರಡು ಬಾಹು, ನಡುವಿನ ಕೋನ: ಲಂಟಾನ ಪೊದೆಯಲ್ಲಿ ಪೈಪಿನ ದಾರಿ ಕಡಿಸಿದ ನನ್ನ ಅನುಭವ

ಮಲೆನಾಡಿನ ಅಡಿಕೆ ತೋಟವೊಂದರಲ್ಲಿ ತೊಟ್ಟಿಯಿಂದ ಬಾವಿಯವರೆಗೆ ಪೈಪು ಹೂಳಲು ನೇರವಾದ ದಾರಿ ಗುರುತಿಸಿಕೊಡುವ ಕೆಲಸ ನನಗೆ ಬಂದಿತ್ತು. ನಡುವೆ ಆಳೆತ್ತರದ ಲಂಟಾನ ಬೆಳೆದಿದ್ದರಿಂದ ಒಂದರಿಂದ ಇನ್ನೊಂದು ಕಾಣುತ್ತಿರಲಿಲ್ಲ, ಟೇಪು ಎಳೆಯುವಂತೆಯೂ ಇರಲಿಲ್ಲ. ಆದರೆ ಪಕ್ಕದ ದಿಬ್ಬದ ಮೇಲೆ ನಿಂತರೆ ಎರಡೂ ಕಾಣುತ್ತಿದ್ದವು. ದಿಬ್ಬದಿಂದ ಬಾವಿಗೆ ಸುಮಾರು 135 ಮೀಟರ್, ತೊಟ್ಟಿಗೆ 70 ಮೀಟರ್, ಥಿಯೋಡೊಲೈಟಿನಲ್ಲಿ ಓದಿದ ನಡುವಿನ ಕೋನ 52 ಡಿಗ್ರಿ. ಇಷ್ಟರಿಂದಲೇ ದಾರಿ ಹೇಳುತ್ತೇನೆಂದಾಗ ಆಳುಗಳ ಮೇಸ್ತ್ರಿ ನಕ್ಕರು. ಮೊಬೈಲಿನ ಜಿಪಿಎಸ್ ಹಿಡಿದು ನಡೆದರೆ ಸಾಲದೇ ಎಂದು ಜೊತೆಯ ಸರ್ವೇಯರೊಬ್ಬರು ಕೇಳಿದರು. ಮರಗಳ ಅಡಿಯಲ್ಲಿ ಅದು ಹಲವು ಮೀಟರ್ ಅತ್ತಿತ್ತ ಹೋಗುತ್ತದೆಂಬುದು ಅವರಿಗೂ ಗೊತ್ತಿತ್ತು.

ದೂರಕ್ಕೆ ಕೊಸೈನ್ ನಿಯಮ ಹಾಕಿದೆ:

c² = 135² + 70² − 2 × 135 × 70 × cos 52° ≈ 11,489, ಅಂದರೆ c ≈ 107.2

107 ಮೀಟರ್ ಎಂದು ತಿಳಿದ ಮೇಲೆ ಪೈಪಿನ ಲೆಕ್ಕ ಮುಗಿಯಿತು. ಉಳಿದದ್ದು ತೊಟ್ಟಿಯ ಬಳಿ ಎಷ್ಟು ಕೋನ ತಿರುಗಿಸಬೇಕು ಎಂಬುದು, ಏಕೆಂದರೆ ಆಳುಗಳು ಕಡಿಯಲು ಆರಂಭಿಸುವುದು ಅಲ್ಲಿಂದಲೇ. ಬೇಕಾದ ಕೋನವನ್ನೇ ಮೊದಲು ತೆಗೆಯೋಣವೆಂದು ಸೈನ್ ನಿಯಮದಲ್ಲಿ 135ನ್ನು sin 52°ಯಿಂದ ಗುಣಿಸಿ 107.2ರಿಂದ ಭಾಗಿಸಿದೆ. ಸುಮಾರು 0.992 ಬಂತು, ಕ್ಯಾಲ್ಕುಲೇಟರ್ 83 ಡಿಗ್ರಿ ತೋರಿಸಿತು. ಬಾವಿಯ ಕೋನ 180ರಿಂದ ಕಳೆದು 45. ಮೊತ್ತ 180 ಆಯಿತೆಂದು ತೃಪ್ತಿಪಟ್ಟೆ. ಕಳೆದು ತೆಗೆದ ಕೋನವನ್ನು ಸೇರಿಸಿದರೆ ಮೊತ್ತ 180 ಆಗದೆ ಇನ್ನೇನಾದೀತು ಎಂಬುದು ಆಗ ಹೊಳೆಯಲಿಲ್ಲ.

ಮೂರು ಆಳುಗಳು ಎರಡು ದಿನ ಕಡಿದರು. ದಾರಿ ಹೊರಬಿದ್ದದ್ದು ಬಾವಿಯಿಂದ ಇಪ್ಪತ್ತಾರು ಮೀಟರ್ ಆಚೆ, ಒಂದು ಬಿದಿರು ಮೆಳೆಯ ಬುಡದಲ್ಲಿ. ಕೂಲಿಗೆ ಐದು ಸಾವಿರದಷ್ಟು ಹೋಯಿತು, ನನ್ನ ಶುಲ್ಕವೋ ನಾಲ್ಕು ಸಾವಿರ. "ಬಾವಿ ಎಲ್ಲಿ ಮಾರಾಯ್ರೆ?" ಎಂದು ತೋಟದ ಯಜಮಾನರು ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಆ ರಾತ್ರಿ ಮನೆಯ ಅಂಗಳದಲ್ಲಿ ಗೂಟ ನೆಟ್ಟು, ಹುರಿ ಎಳೆದು, ಅದೇ ತ್ರಿಭುಜವನ್ನು ಹತ್ತನೇ ಒಂದು ಅಳತೆಯಲ್ಲಿ, 13.5 ಮತ್ತು 7 ಮೀಟರ್ ಬಾಹುಗಳಿಂದ ರಚಿಸಿದೆ. ತೊಟ್ಟಿಯ ಗೂಟದ ಬಳಿ ಬಡಗಿಯ ಮೂಲೆಮಟ್ಟ ಇಟ್ಟರೆ ಹುರಿ ಅದನ್ನು ದಾಟಿ ಹೊರಗೆ ಚಾಚಿತ್ತು. ಕೋನ 83 ಆಗಿರಲಿಲ್ಲ, 97 ಆಗಿತ್ತು. ಎರಡಕ್ಕೂ ಸೈನ್ ಒಂದೇ, ಮತ್ತು ಕ್ಯಾಲ್ಕುಲೇಟರ್ ಯಾವಾಗಲೂ 90ರ ಒಳಗಿನದನ್ನೇ ಕೊಡುತ್ತದೆ. ದೊಡ್ಡ ಬಾಹುವಿನ ಎದುರು ದೊಡ್ಡ ಕೋನ ಎಂಬ ರೂಢಿಯ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ: 135ರ ಎದುರು 83, 107ರ ಎದುರು 52, 70ರ ಎದುರು 45, ಕ್ರಮ ಸರಿಯಾಗಿಯೇ ಕಾಣುತ್ತದೆ. ತಪ್ಪನ್ನು ಬಯಲು ಮಾಡುವುದು ವರ್ಗಗಳ ಹೋಲಿಕೆ. 135ರ ವರ್ಗ 18,225. ಉಳಿದೆರಡರ ವರ್ಗಗಳ ಮೊತ್ತ 16,389 ಮಾತ್ರ. ದೊಡ್ಡದರ ವರ್ಗ ಹೀಗೆ ಮೀರಿದರೆ ಅದರೆದುರಿನದು ವಿಶಾಲ ಕೋನವೇ.

ಈಗ ನಾನು ಕೊಟ್ಟ ಎರಡು ಬಾಹುಗಳಲ್ಲಿ ಚಿಕ್ಕದರ ಎದುರಿನ ಕೋನವನ್ನೇ ಮೊದಲು ತೆಗೆಯುತ್ತೇನೆ. ಚಿಕ್ಕ ಬಾಹುವಿನ ಎದುರು ವಿಶಾಲ ಕೋನ ಬರಲಾರದು, ಆದ್ದರಿಂದ ಸೈನ್ ನಿಯಮ ಎರಡು ಉತ್ತರಗಳ ಗೊಂದಲಕ್ಕೆ ತಳ್ಳುವುದಿಲ್ಲ. ಇಲ್ಲಿ 70ರ ಎದುರು ಬಾವಿಯ ಬಳಿ 31 ಬಂತು, ಕಳೆದರೆ ತೊಟ್ಟಿಗೆ 97. ಇನ್ನೊಂದು ಲಾಭವೂ ಉಂಟು. ಕುತೂಹಲಕ್ಕೆ 107.2ರ ಬದಲು ಬರೀ 107 ಹಾಕಿ ನೋಡಿದೆ: ಹಳೆಯ ದಾರಿಯಲ್ಲಿ ಕೋನ ಹತ್ತಿರಹತ್ತಿರ ಒಂದು ಡಿಗ್ರಿ ಸರಿಯಿತು, ಹೊಸ ದಾರಿಯಲ್ಲಿ ಡಿಗ್ರಿಯ ಹದಿನೈದನೇ ಒಂದು ಭಾಗವೂ ಅಲುಗಲಿಲ್ಲ. 90ರ ಆಸುಪಾಸಿನಲ್ಲಿ ಸೈನ್ ಬಹಳ ನಿಧಾನವಾಗಿ ಬದಲಾಗುವುದರಿಂದ, ಅಲ್ಲಿ ಸಣ್ಣ ದಶಾಂಶವೂ ಕೋನವನ್ನು ಎಳೆದಾಡಿಬಿಡುತ್ತದೆ.

ದಿಬ್ಬದ ಕೋನವನ್ನಂತೂ ಥಿಯೋಡೊಲೈಟಿನ ಎರಡು ಮುಖಗಳಲ್ಲೂ, ಅಂದರೆ ದುರ್ಬೀನನ್ನು ಮಗುಚಿ ಇನ್ನೊಮ್ಮೆಯೂ, ಓದಿ ಸರಾಸರಿ ಹಿಡಿಯಲೇಬೇಕು. ಈ ತ್ರಿಭುಜದಲ್ಲಿ ಅದು ಒಂದು ಡಿಗ್ರಿ ತಪ್ಪಿದರೆ ದೂರವೇ 1.2 ಮೀಟರ್ ತಪ್ಪುತ್ತದೆ. ಪೊದೆಯೊಳಗೆ ಮೂವತ್ತು ಮೀಟರ್ ಹೋದ ಮೇಲೂ ಗಳುಗಳ ಸಾಲು ಬಾಗದಂತೆ ನಾನು ಹೇಗೆ ನೋಡಿಕೊಳ್ಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನದ ಮಾತು.

ಎರಡನೆಯ ಸಲ ಅದೇ ಮೂವರಿಂದ, ಕೂಲಿಯನ್ನು ನಾನೇ ಕೊಟ್ಟು, 97 ಡಿಗ್ರಿಯಲ್ಲಿ ಕಡಿಸಿದೆ. ದಾರಿ ಬಾವಿಯ ಕಟ್ಟೆಯಿಂದ ಒಂದು ಮೊಳದೊಳಗೆ ಹೊರಬಿತ್ತು. ಮೇಸ್ತ್ರಿ ಕಟ್ಟೆಯ ಮೇಲೆ ಕತ್ತಿ ಇಟ್ಟು, ಏನೂ ಹೇಳದೆ ನೀರು ಸೇದಿ ಕುಡಿದರು. ಯಜಮಾನರು ನನ್ನ ನಾಲ್ಕು ಸಾವಿರವನ್ನು ಪೂರ್ತಿ ಕೊಟ್ಟರು, ಆದರೂ ಲೆಕ್ಕದಲ್ಲಿ ನಾನು ಸಾವಿರದಷ್ಟು ಕೈಯಿಂದಲೇ ಕಳೆದುಕೊಂಡೆ. ಬಿದಿರು ಮೆಳೆಗೆ ಹೋಗುವ ಮೊದಲ ದಾರಿಯಲ್ಲಿ ಈಗ ಅವರ ದನಗಳು ಓಡಾಡುತ್ತವೆ.