ಪ್ಲೇಟು ಹಾಕಿದ ಎಲುಬು, ರಾಡು ಹಾಕಿದ ಎಲುಬು: ಎಕ್ಸ್‌ರೇ ನೋಡುವುದು ಹೇಗೆ?

ಶಿರಸಿ ಹತ್ತಿರದ ತೋಟದಲ್ಲಿ ಅಡಿಕೆ ಕೊನೆ ಇಳಿಸುವಾಗ ಕೊನೆಗೌಡರೊಬ್ಬರು ಮರದಿಂದ ಜಾರಿ ಬಿದ್ದರು. ಮುಂಗೈಯ ಎರಡೂ ಎಲುಬು ಅಡ್ಡಕ್ಕೆ ಮುರಿದಿತ್ತು. ತೊಡೆಯ ಎಲುಬು ನಾಲ್ಕೈದು ಚೂರಾಗಿತ್ತು. ಕೈಗೆ ಪ್ಲೇಟು ಹಾಕಿದೆವು, ತೊಡೆಗೆ ರಾಡು. ಮೂರು ತಿಂಗಳಾದ ಮೇಲೆ ಎಕ್ಸ್‌ರೇ ಹಿಡಿದು ಬಂದ ಅವರ ಹೆಂಡತಿಗೆ ಗಾಬರಿ. "ಡಾಕ್ಟ್ರೇ, ತೊಡೆಯಲ್ಲಿ ಇಷ್ಟು ದಪ್ಪ ಗಂಟು ಕಟ್ಟಿದೆ. ಕೈಯಲ್ಲಿ ಏನೂ ಕಾಣ್ತಿಲ್ಲ. ಕೈ ಕೂಡ್ಲಿಲ್ವಾ?"

ಎರಡೂ ಸರಿಯಾಗಿಯೇ ಕೂಡುತ್ತಿತ್ತು. ಎಲುಬು ಕೂಡುವ ದಾರಿ ಎರಡು. ಯಾವ ದಾರಿ ಅಂತ ತಿಳಿದರೆ ಎಕ್ಸ್‌ರೇ ಓದುವುದು ಕಷ್ಟವಲ್ಲ.

ಮೊದಲು ಮುರಿತ ನೋಡಿ. ಒಂದೇ ಗೆರೆಯೋ, ಹಲವು ಚೂರೋ? ಕೈಯಲ್ಲಿ ಇದ್ದದ್ದು ಒಂದೇ ಗೆರೆ. ಅಂಥಲ್ಲಿ ಎರಡು ತುದಿಗಳನ್ನು ಒತ್ತಿ ಹಿಡಿದು ಅಲುಗಾಟವನ್ನೇ ನಿಲ್ಲಿಸುತ್ತೇವೆ. ಇದು ಪೂರ್ಣ ಸ್ಥಿರತೆ. ಇಲ್ಲಿ ಎಲುಬು ಗಂಟು ಕಟ್ಟದೆ ನೇರವಾಗಿ ಕೂಡುತ್ತದೆ. ಪ್ಲೇಟಿನ ತೂತು ಉದ್ದುದ್ದ ಇರುತ್ತದೆ, ಅದರ ಅಂಚು ಇಳಿಜಾರು. ಮುರಿತದಿಂದ ದೂರದ ಕಡೆಗೆ ಸ್ಕ್ರೂ ಕೂರಿಸಿ ಬಿಗಿದರೆ, ಅದರ ತಲೆ ಇಳಿಜಾರಿನಲ್ಲಿ ಜಾರುತ್ತಾ ಎಲುಬನ್ನು ಸುಮಾರು 1 ಮಿ.ಮೀ. ಎಳೆದು ಇನ್ನೊಂದು ತುದಿಗೆ ಒತ್ತುತ್ತದೆ. ಪ್ಲೇಟನ್ನು ಮೊದಲೇ ಚೂರು ಬಗ್ಗಿಸಿಕೊಳ್ಳಬೇಕು. ಇಲ್ಲದಿದ್ದರೆ ಪ್ಲೇಟಿನ ಕಡೆ ಬಿಗಿದು, ಆಚೆ ಬದಿ ಬಾಯಿ ಬಿಡುತ್ತದೆ.

ತೊಡೆಯಲ್ಲಿ ಹಾಗೆ ಒತ್ತಿ ಹಿಡಿಯೋಕೆ ಆಗುವುದಿಲ್ಲ. ಚೂರುಗಳನ್ನು ಕೂಡಿಸಲು ಹೋದರೆ ಅವಕ್ಕೆ ರಕ್ತ ಕೊಡುವ ಮಾಂಸವೇ ಬಿಟ್ಟುಹೋಗುತ್ತದೆ. ಅದಕ್ಕೇ ಮಜ್ಜೆಯ ನಡುವೆ ರಾಡು ತೂರಿಸಿ, ಮೇಲೂ ಕೆಳಗೂ ಅಡ್ಡ ಸ್ಕ್ರೂ ಹಾಕಿ ಎಲುಬು ಗಿಡ್ಡ ಆಗದಂತೆ, ತಿರುಗದಂತೆ ತಡೆಯುತ್ತೇವೆ. ಹೆಜ್ಜೆ ಇಟ್ಟಾಗ ಚೂರುಗಳು ಸ್ವಲ್ಪ ಅಲುಗುತ್ತವೆ. ಆ ಅಲುಗಾಟ ನಮಗೆ ಬೇಕು. ಅದಕ್ಕೆ ಉತ್ತರವಾಗಿ ದೇಹ ಮುರಿತದ ಸುತ್ತ ಹೊಸ ಎಲುಬಿನ ಗಂಟು ಕಟ್ಟುತ್ತದೆ. ಇದೇ ಕ್ಯಾಲಸ್. ಇಂಥದ್ದು ಸಾಪೇಕ್ಷ ಸ್ಥಿರತೆ.

ಈಗ ಒಂದು ಸಣ್ಣ ಲೆಕ್ಕ. ಸ್ವಿಟ್ಜರ್ಲೆಂಡಿನ ಎಲುಬು ಸಂಶೋಧಕ ಸ್ಟೀಫನ್ ಪೆರೆನ್ ಕೊಟ್ಟ ವಿಚಾರ ಇದು. ಅಲುಗಾಟ ಎಷ್ಟು ಅನ್ನುವುದಕ್ಕಿಂತ, ಮುರಿದ ತುದಿಗಳ ನಡುವಿನ ಸಂದಿಯ ಅಗಲಕ್ಕೆ ಹೋಲಿಸಿದರೆ ಅದು ಎಷ್ಟು ಅನ್ನುವುದು ಮುಖ್ಯ. ಎಲುಬು ಶೇ 2ರಷ್ಟು ಹಿಗ್ಗುವುದನ್ನು ಮಾತ್ರ ತಾಳುತ್ತದೆ. ಎಲುಬಾಗುವ ಮೊದಲಿನ ಮೆದು ಎಲುಬು ಶೇ 10ರಷ್ಟು ತಾಳುತ್ತದೆ. ಚೂರಾದ ತೊಡೆಯಲ್ಲಿ ತಲಾ 2 ಮಿ.ಮೀ.ನ ಐದು ಸಂದಿ ಇವೆ ಅಂದುಕೊಳ್ಳಿ. ಒಟ್ಟು ಸಂದಿ 10 ಮಿ.ಮೀ. ಆಯಿತು. ಅಲುಗಾಟ ಅರ್ಧ ಮಿ.ಮೀ. ಆದರೆ ಹಂಚಿಕೊಂಡು ಶೇ 5 ಆಯಿತು. ಕ್ಯಾಲಸ್ ಬೆಳೆಯಲು ಅಡ್ಡಿಯಿಲ್ಲ. ಅದೇ ಅರ್ಧ ಮಿ.ಮೀ. ಅಲುಗಾಟ 1 ಮಿ.ಮೀ.ನ ಒಂದೇ ಸಂದಿಯಲ್ಲಿ ಆದರೆ ಶೇ 50. ಅಲ್ಲಿ ಎಲುಬು ಹುಟ್ಟುವುದೇ ಇಲ್ಲ. ಸಣ್ಣ ಸಂದಿ ಬೇಗ ಕೂಡುತ್ತೆ ಅಂತ ಅನ್ನಿಸುತ್ತದೆ ಅಲ್ವಾ? ಅಲುಗುವ ಸಣ್ಣ ಸಂದಿಯೇ ಜಾಸ್ತಿ ಅಪಾಯ.

ಅಂಕೋಲಾ ಕಡೆಯ ಯುವಕನೊಬ್ಬ ಇದೇ ತೊಂದರೆಯಿಂದ ಬಂದಿದ್ದ. ಬೈಕಿನಿಂದ ಬಿದ್ದು ಮೊಣಕಾಲ ಕೆಳಗಿನ ಎಲುಬು ಒಂದೇ ಗೆರೆಯಲ್ಲಿ ಮುರಿದಿತ್ತು. ಬೇರೆ ಕಡೆ ಪ್ಲೇಟು ಹಾಕಿದ್ದರು. ಸುಮಾರು 1 ಮಿ.ಮೀ. ಸಂದಿ ಹಾಗೇ ಉಳಿದಿತ್ತು. ಸ್ಕ್ರೂಗಳು ಮುರಿತದ ಎರಡೂ ಪಕ್ಕ ಒತ್ತೊತ್ತಾಗಿದ್ದವು. ಐದನೇ ತಿಂಗಳು ಸಂದಿಯ ಮೇಲಿನ ತೂತಿನಲ್ಲೇ ಪ್ಲೇಟು ಮುರಿಯಿತು.

ಹಳ್ಳಕ್ಕೆ ಹಾಕುವ ಅಡಿಕೆ ದಬ್ಬೆಯ ಸಂಕ ನೆನಪಿಸಿಕೊಳ್ಳಿ. ಎರಡು ಆಧಾರ ದೂರ ಇದ್ದರೆ ದಬ್ಬೆ ಉದ್ದಕ್ಕೂ ಬಳುಕುತ್ತದೆ. ಪ್ಲೇಟೂ ಹಾಗೆಯೇ. ಚೂರಾದ ಮುರಿತಕ್ಕೆ ಪ್ಲೇಟೇ ಹಾಕಬೇಕಾದರೆ ಉದ್ದದ್ದು ಬೇಕು, ಮುರಿತದ ಮೇಲಿನ ಮೂರ್ನಾಲ್ಕು ತೂತು ಸುಮ್ನೆ ಖಾಲಿ ಬಿಡಬೇಕು. ಸ್ಕ್ರೂ ಹತ್ತಿರ ಬಂದಷ್ಟೂ ಎಲ್ಲಾ ಬಳುಕು ಒಂದೇ ತೂತಿನಲ್ಲಿ. ಪ್ಲೇಟು ಎಲುಬಿನ ಪಕ್ಕದಲ್ಲಿ ಕೂರುತ್ತದೆ, ಆಚೆ ಬದಿಯಲ್ಲಿ ಎಲುಬಿನ ಆಸರೆ ಇಲ್ಲದಿದ್ದರೆ ಪ್ರತಿ ಹೆಜ್ಜೆಗೂ ಬಾಗುತ್ತದೆ. ರಾಡು ನಡುವಿನಲ್ಲಿ ಇರುವುದರಿಂದ ಅಷ್ಟು ಬಾಗುವುದಿಲ್ಲ. ಆ ಯುವಕನ ಪ್ಲೇಟು ತೆಗೆದು ದಪ್ಪ ರಾಡು ಹಾಕಿದೆವು.

ಪ್ಲೇಟು ಮುರಿಯುವ ಮೊದಲು ಸೂಚನೆ ಕೊಟ್ಟಿತ್ತು. ಹೆಜ್ಜೆ ಊರಿದಾಗ ನೋವು ಕಡಿಮೆಯಾಗಿರಲಿಲ್ಲ. ಎಕ್ಸ್‌ರೇಯಲ್ಲಿ ಸಂದಿ ಅಗಲವಾಗುತ್ತಾ ಬಂದಿತ್ತು. ಸ್ಕ್ರೂ ಸುತ್ತ ಕಪ್ಪು ಅಂಚು ಮೂಡಿತ್ತು.

ಹಾಗಾಗಿ ಹೀಗೆ ನೋಡಿ. ರಾಡು ಹಾಕಿದ ಎಲುಬಿನಲ್ಲಿ ತಿಂಗಳು ಕಳೆದಂತೆ ಹತ್ತಿಯುಂಡೆಯಂಥ ಬಿಳಿ ಗಂಟು ದಟ್ಟವಾಗುತ್ತಾ ಎರಡು ತುದಿಗಳನ್ನು ಬೆಸೆಯಬೇಕು. ಮೂರ್ನಾಲ್ಕು ತಿಂಗಳಾದರೂ ಏನೂ ಕಾಣದಿದ್ದರೆ ಡಾಕ್ಟರರನ್ನು ಕೇಳಿ. ಒತ್ತಿ ಹಿಡಿದ ಪ್ಲೇಟಿನಲ್ಲಿ ಗಂಟು ಕಾಣಬಾರದು. ಗೆರೆ ನಿಧಾನಕ್ಕೆ ಮಾಸಬೇಕು ಅಷ್ಟೇ. ಅಲ್ಲಿ ಮಸುಕು ಗಂಟು ಕಂಡರೆ ಒಳಗೆ ಏನೋ ಅಲುಗುತ್ತಿದೆ ಅಂತ ಅರ್ಥ.

ಆ ಹೆಂಗಸಿಗೆ ಎರಡೂ ಎಕ್ಸ್‌ರೇಗಳನ್ನು ಕಿಟಕಿಗೆ ಹಿಡಿದು ತೋರಿಸಿದೆ. ಶಸ್ತ್ರಚಿಕಿತ್ಸೆಯ ಮಾರನೇ ದಿನ ತೆಗೆದದ್ದನ್ನೂ ಪಕ್ಕದಲ್ಲಿ ಇಟ್ಟೆ. ಕೈಯ ಗೆರೆ ಎಷ್ಟು ಮಾಸಿದೆ ಅಂತ ಅವರೇ ಬೆರಳಿಟ್ಟು ತೋರಿಸಿದರು. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ, ಪ್ರತಿ ಸಲವೂ ತನ್ನಿ.